ಹಾವು ಕಚ್ಚಿದ ಒಬ್ಬ ರೋಗಿ ಮತ್ತು ಒಂದು ಕೇಸ್ ರಿಪೋರ್ಟ್

ನಮ್ಮ ಆಸ್ಪತ್ರೆಗಳಲ್ಲಿ ಹಾವಿನ ಕಡಿತಕ್ಕೆ ಕೊಡುವ ಪ್ರತಿವಿಷ ನಾಲ್ಕು ಹಾವುಗಳ ವಿಷದ ವಿರುದ್ಧ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಪಶ್ಚಿಮ ಘಟ್ಟದ ತೋಟಗಳಲ್ಲಿ ಐದನೆಯದೂ ಒಂದಿದೆ. ಅದು ಉಬ್ಬು ಮೂಗಿನ ಗುಳಿಮಂಡಲ, ವೈದ್ಯರ ಬಾಯಲ್ಲಿ ಹಂಪ್‌ನೋಸ್ಡ್ ಪಿಟ್ ವೈಪರ್. ಇದರ ಕಡಿತದಿಂದಲೂ ಭಾರತದಲ್ಲಿ ಪ್ರಾಣಾಪಾಯ ಒದಗುತ್ತದೆ ಎಂಬುದು ಹಾವಿನ ಗುರುತಿನ ಸಮೇತ ಖಚಿತವಾಗಿ ದಾಖಲಾದದ್ದು 2007ರಲ್ಲಿ, ಕೇರಳದ ಐದು ರೋಗಿಗಳ ವಿವರ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದಾಗ. ಅಲ್ಲಿಯವರೆಗೆ ಎಷ್ಟೋ ಕಡೆ ಈ ಹಾವನ್ನು ಗರಗಸ ಮಂಡಲವೆಂದೇ ತಿಳಿದು ಚಿಕಿತ್ಸೆ ಕೊಡುತ್ತಿದ್ದರು.

ಒಬ್ಬ ರೋಗಿಗೆ ಏನಾಯಿತು, ವೈದ್ಯರು ಏನು ಮಾಡಿದರು, ಕೊನೆಗೆ ಏನು ಗೊತ್ತಾಯಿತು ಎಂದು ಕ್ರಮವಾಗಿ ಬರೆದ ಪ್ರಬಂಧವೇ ಕೇಸ್ ರಿಪೋರ್ಟ್. ಎಂ.ಡಿ., ಎಂ.ಎಸ್. ಓದುವ ಬಹುತೇಕ ಪಿಜಿಗಳ ಮೊದಲ ಪ್ರಕಟಣೆ ಇದೇ ಆಗಿರುತ್ತದೆ. ಇದು ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ನೋಡಲು ಮಲೆನಾಡಿನ ಒಂದು ಕಾಲ್ಪನಿಕ ಕೇಸನ್ನು ಇಟ್ಟುಕೊಳ್ಳೋಣ.

ಅಡಿಕೆ ತೋಟದಲ್ಲಿ ದರಗು ಗುಡಿಸುತ್ತಿದ್ದ ಮಧ್ಯವಯಸ್ಸಿನ ಹೆಂಗಸಿನ ಪಾದಕ್ಕೆ ಸಂಜೆ ಹಾವು ಕಚ್ಚಿತು. ಒಂದೂವರೆ ಗಂಟೆಯಲ್ಲಿ ತಾಲೂಕು ಆಸ್ಪತ್ರೆಗೆ ಕರೆತಂದರು. ಅಲ್ಲಿ ಒಣಗಿದ, ಸ್ವಚ್ಛವಾದ ಗಾಜಿನ ಕೊಳವೆಗೆ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿ ನೋಡಿದರು. ರಕ್ತ ಹೆಪ್ಪುಗಟ್ಟಿರಲಿಲ್ಲ. 10 ವಯಲ್ ಪ್ರತಿವಿಷ ಕೊಟ್ಟರು. ಆರು ಗಂಟೆಯ ನಂತರವೂ ಹೆಪ್ಪುಗಟ್ಟಲಿಲ್ಲ, ಇನ್ನೂ 10 ವಯಲ್ ಹೋಯಿತು. ಮೈಮೇಲೆ ಗಂಧೆ ಎದ್ದು ಪ್ರತಿವಿಷವನ್ನು ನಡುವೆ ನಿಲ್ಲಿಸಿ ಮತ್ತೆ ಶುರುಮಾಡಬೇಕಾಯಿತು. ಮಾರನೆಯ ದಿನ ಮೆಡಿಕಲ್ ಕಾಲೇಜಿಗೆ ಕಳಿಸಿದಾಗ ರಕ್ತ ಇನ್ನೂ ನೀರಿನಂತಿತ್ತು. ಆಗ ಡ್ಯೂಟಿಯಲ್ಲಿದ್ದ ಪಿಜಿ ಮನೆಯವರ ಮೊಬೈಲಿನಲ್ಲಿದ್ದ ಹಾವಿನ ಫೋಟೋ ಕೇಳಿ ಪಡೆದು ಹಾವುಗಳ ತಜ್ಞರಿಗೆ ಕಳಿಸಿದ. ಮೂಗಿನ ತುದಿ ಮೇಲಕ್ಕೆ ತಿರುಗಿತ್ತು, ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಗುಳಿ ಇತ್ತು. ಗರಗಸ ಮಂಡಲಕ್ಕೆ ಈ ಗುಳಿ ಇರುವುದಿಲ್ಲ.

ವರದಿಯ ಅರ್ಧ ಕೆಲಸ ಮುಗಿದದ್ದು ಇಲ್ಲೇ, ರೋಗಿ ಇನ್ನೂ ವಾರ್ಡಿನಲ್ಲಿರುವಾಗ. ಫೋಟೋ ಇಲ್ಲದಿದ್ದರೆ ಇದು ‘ಯಾವುದೋ ಹಾವಿನ ಕಡಿತ’ ಆಗುತ್ತಿತ್ತು, ಯಾವ ಪತ್ರಿಕೆಯೂ ತೆಗೆದುಕೊಳ್ಳುತ್ತಿರಲಿಲ್ಲ. ಕೊಳವೆ ಪರೀಕ್ಷೆ ಎಷ್ಟು ಗಂಟೆಗೆ ಮಾಡಿದ್ದು, ಕೊಳವೆ ಗಾಜಿನದೋ ಪ್ಲಾಸ್ಟಿಕ್ಕಿನದೋ ಎಂಬುದು ಕೇಸ್ ಶೀಟಿನಲ್ಲಿ ಇಲ್ಲದಿದ್ದರೂ ಕಷ್ಟವೇ. ಪ್ಲಾಸ್ಟಿಕ್ಕಿನಲ್ಲಿ ಅಥವಾ ಸೋಪಿನಲ್ಲಿ ತೊಳೆದ ಕೊಳವೆಯಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಪರಿಶೀಲಕರು ಮೊದಲು ಕೇಳುವುದೇ ಇದನ್ನು.

ಒಪ್ಪಿಗೆ ಪತ್ರಕ್ಕೂ ಇದೇ ಸಮಯ. ದಾಖಲಾಗುವಾಗ ಚಿಕಿತ್ಸೆಗೆಂದು ಹಾಕಿಸಿಕೊಂಡ ಸಹಿ ಪ್ರಕಟಣೆಗೆ ಸಲ್ಲುವುದಿಲ್ಲ. ಅದಕ್ಕೆ ಬೇರೆಯದೇ ಪತ್ರ ಬೇಕು, ರೋಗಿಗೆ ಬರುವ ಭಾಷೆಯಲ್ಲಿ. ಹೆಸರು ಹಾಕುವುದಿಲ್ಲ, ಆದರೂ ಗುರುತು ಯಾರಿಗೂ ಸಿಗುವುದೇ ಇಲ್ಲ ಎಂದು ಭರವಸೆ ಕೊಡಲಾಗದು. ಲೇಖನ ಇಂಟರ್ನೆಟ್ಟಿನಲ್ಲಿ ಯಾರಿಗಾದರೂ ಸಿಗಬಹುದು. ಪ್ರಕಟವಾಗುವ ಮುಂಚೆ ಯಾವಾಗ ಬೇಕಾದರೂ ಬೇಡ ಎನ್ನಬಹುದು, ಆಮೇಲೆ ಹಿಂದಕ್ಕೆ ತೆಗೆಯಲಾಗದು. ಇಷ್ಟನ್ನೂ ಬಾಯಲ್ಲಿ ವಿವರಿಸಿಯೇ ಸಹಿ ಕೇಳಬೇಕು. ಓದು ಬರಹ ಬಾರದವರಾದರೆ ಆಸ್ಪತ್ರೆಗೆ ಸೇರದ ಒಬ್ಬ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕು. ಮಕ್ಕಳ ಪರವಾಗಿ ತಂದೆತಾಯಿ, ತೀರಿಕೊಂಡವರ ಪರವಾಗಿ ಹತ್ತಿರದ ಬಂಧು. “ಡಿಸ್ಚಾರ್ಜ್ ಆದಮೇಲೆ ಫೋನ್ ಮಾಡಿದರಾಯಿತು” ಎಂದುಕೊಂಡ ಪಿಜಿಗೆ ಸಿಗುವುದು ಹೆಚ್ಚಾಗಿ ಸ್ವಿಚ್ ಆಫ್ ಆದ ನಂಬರು. ಒಪ್ಪಿಗೆ ಇಲ್ಲದೆ ಒಳ್ಳೆಯ ಪತ್ರಿಕೆಗಳು ಹಸ್ತಪ್ರತಿಯನ್ನು ಮುಂದಕ್ಕೆ ಒಯ್ಯುವುದಿಲ್ಲ. ಇಂಥ ಪತ್ರಿಕೆಗಳಲ್ಲಿ ಕೆಲವಕ್ಕೆ ತಮ್ಮದೇ ನಮೂನೆ ಬೇಕು. ಸಂಸ್ಥೆಯ ನೈತಿಕ ಸಮಿತಿಯ ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ ಇರುವುದರಿಂದ ಅದನ್ನೂ ಮೊದಲೇ ಕೇಳಿಕೊಳ್ಳುವುದು ಲೇಸು.

ಗುರುತು ಮರೆಮಾಡುವುದು ಹೆಸರು ಅಳಿಸಿದಷ್ಟು ಸುಲಭವಲ್ಲ. ಊರು, ತಾರೀಖು, ತೋಟದ ಹೆಸರು ಸೇರಿದರೆ ಆ ಊರಿನವರಿಗೆಲ್ಲ ಯಾರೆಂದು ಗೊತ್ತಾಗಿಬಿಡುತ್ತದೆ. ಆದ್ದರಿಂದ ತಾರೀಖಿನ ಬದಲು ‘ಮೊದಲ ದಿನ’, ‘ಕಡಿತದ ಎಂಟನೆಯ ಗಂಟೆ’ ಎಂದು ಬರೆಯುತ್ತಾರೆ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಕೆಂಬುದು ಹಳೆಯ ನಂಬಿಕೆ, ಈಗ ಅದನ್ನು ಒಪ್ಪುವುದಿಲ್ಲ. ಹಾಗೆಂದು ಹೆಂಗಸನ್ನು ಗಂಡಸು ಮಾಡುವುದು, ವಯಸ್ಸು ಬದಲಿಸುವುದು ಕೂಡದು. ವಿವರವನ್ನು ಬಿಡಬಹುದು, ತಿರುಚಬಾರದು.

ಬರವಣಿಗೆಗೆ 2013ರಲ್ಲಿ ಬಂದ ‘ಕೇರ್’ ಮಾರ್ಗಸೂಚಿ ಇದೆ. ಶೀರ್ಷಿಕೆಯಿಂದ ಒಪ್ಪಿಗೆಯವರೆಗೆ ಏನೇನಿರಬೇಕೆಂದು ಅದರ 13 ಅಂಶಗಳ ಪಟ್ಟಿ ಹೇಳುತ್ತದೆ. ಪಿಜಿಗಳು ಎಡವುವುದು ಎರಡು ಕಡೆ. ಒಂದು, ಕೇಸ್ ಶೀಟಿನಲ್ಲಿರುವ ಎಲ್ಲ ರಿಪೋರ್ಟನ್ನೂ ತುಂಬುವುದು. ನಮ್ಮ ಕೇಸಿನಲ್ಲಿ ಬೇಕಾದದ್ದು ಒಂದು ಕಾಲಪಟ್ಟಿ: ಕಡಿತ, ಪ್ರತಿ ಕೊಳವೆ ಪರೀಕ್ಷೆ, ಪ್ರತಿ ಸಲದ ವಯಲ್, ಗಂಧೆ, ಮೂತ್ರ ಕಡಿಮೆಯಾದದ್ದು, ಡಯಾಲಿಸಿಸ್, ರಕ್ತ ಮತ್ತೆ ಹೆಪ್ಪುಗಟ್ಟಿದ ದಿನ, ಆರು ವಾರದ ನಂತರದ ಕ್ರಿಯಾಟಿನಿನ್. ಎಕ್ಸ್‌ರೇ ಮಾಮೂಲಿಯಾಗಿದ್ದರೆ ಒಂದು ಸಾಲು ಸಾಕು. ಎರಡನೆಯದು ಚರ್ಚೆಯ ಭಾಗ. “ಭಾರತದಲ್ಲೇ ಮೊದಲ ಕೇಸ್” ಎಂದು ಬರೆಯುವ ಆಸೆ ಬಹಳ. ಪಬ್‌ಮೆಡ್‌ನಲ್ಲಿ ಹುಡುಕಿದರೆ 2007ರ ಲೇಖನ ಎದುರಿಗೇ ನಿಲ್ಲುತ್ತದೆ. “ಪ್ರತಿವಿಷ ಈ ಹಾವಿಗೆ ಕೆಲಸ ಮಾಡುವುದಿಲ್ಲ” ಎಂದು ಒಬ್ಬ ರೋಗಿಯನ್ನು ಇಟ್ಟುಕೊಂಡು ಸಾಧಿಸಲೂ ಆಗದು. ಈ ರೋಗಿಯಲ್ಲಿ 20 ವಯಲ್‌ನಿಂದ ರಕ್ತ ಸರಿಯಾಗಲಿಲ್ಲ, ಹಿಂದಿನ ವರದಿಗಳೊಡನೆ ಅದು ಹೊಂದುತ್ತದೆ ಎನ್ನಬಹುದು, ಅಷ್ಟೇ. ಈ ವರದಿಯ ನಿಜವಾದ ಮಾತು ಬೇರೆ: 10 ವಯಲ್‌ಗೂ ರಕ್ತ ಸರಿಹೋಗದಿದ್ದರೆ ಎರಡನೇ ಸಲ ಕೊಡುವ ಮುಂಚೆಯೇ ಹಾವಿನ ಫೋಟೋವನ್ನು ಮತ್ತೆ ನೋಡಿ, ಗುಳಿ ಇದೆಯೇ ಹುಡುಕಿ. ಈ ಒಂದು ಮಾತಿಗೆ ಸಂಬಂಧಪಡದ ಪ್ಯಾರಾ ಎಷ್ಟೇ ಚೆನ್ನಾಗಿದ್ದರೂ ತೆಗೆಯಬೇಕು.

ಲೇಖಕರ ಸಾಲಿನಲ್ಲಿ ನಿಜವಾಗಿ ಕೆಲಸ ಮಾಡಿದವರೇ ಇರಬೇಕು. ಯೂನಿಟ್ ಚೀಫ್ ಎಂಬ ಕಾರಣಕ್ಕಷ್ಟೇ ಹೆಸರು ಸೇರಿಸುವುದು ಅಂತರರಾಷ್ಟ್ರೀಯ ಸಂಪಾದಕರ ಸಮಿತಿಯ ನಿಯಮಕ್ಕೆ ವಿರುದ್ಧ. ಹಾವನ್ನು ಗುರುತಿಸಿಕೊಟ್ಟ ತಜ್ಞರು ಬರವಣಿಗೆಯಲ್ಲೂ ಕೈಜೋಡಿಸಿದರೆ ಲೇಖಕರಾಗಬಹುದು, ಇಲ್ಲದಿದ್ದರೆ ಅವರಿಗೆ ಕೃತಜ್ಞತೆ ಸಲ್ಲಬೇಕು.

ಇನ್ನು ಪತ್ರಿಕೆ. ಬರೆದಾದ ಮೇಲೆ ಹುಡುಕುವವರೇ ಹೆಚ್ಚು, ಆದರೆ ಆಯ್ಕೆ ಮೊದಲೇ ಆಗಬೇಕು. ಎಷ್ಟೋ ಪತ್ರಿಕೆಗಳು ಕೇಸ್ ರಿಪೋರ್ಟ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿವೆ, ತೆಗೆದುಕೊಳ್ಳುವ ಒಂದೊಂದಕ್ಕೂ ಪದಮಿತಿ ಬೇರೆ. ‘ಬಿಎಂಜೆ ಕೇಸ್ ರಿಪೋರ್ಟ್ಸ್’ಗೆ ಕಳಿಸಲು ಲೇಖಕರಲ್ಲಿ ಒಬ್ಬರಿಗಾದರೂ ಅಥವಾ ಸಂಸ್ಥೆಗೆ ಅದರ ಫೆಲೋಶಿಪ್ ಇರಬೇಕು. ‘ಜರ್ನಲ್ ಆಫ್ ಮೆಡಿಕಲ್ ಕೇಸ್ ರಿಪೋರ್ಟ್ಸ್’ ಎಲ್ಲರಿಗೂ ಉಚಿತವಾಗಿ ಓದಲು ಸಿಗುತ್ತದೆ, ಶುಲ್ಕ ಲೇಖಕರ ಮೇಲೆ ಬೀಳುತ್ತದೆ. ನಮ್ಮ ಕೇಸಿಗೆ ನನ್ನ ಆಯ್ಕೆ ತಾಲೂಕು ಆಸ್ಪತ್ರೆಯ ವೈದ್ಯರ ಕಣ್ಣಿಗೆ ಬೀಳುವ ಭಾರತೀಯ ಪತ್ರಿಕೆ. ಇಮೇಲಿನಲ್ಲಿ ಹೊಗಳಿ ಕರೆದು, ವಾರದೊಳಗೆ ಸ್ವೀಕಾರ ಪತ್ರ ಕೊಟ್ಟು, ಆಮೇಲೆ ಹಣ ಕೇಳುವ ಪತ್ರಿಕೆಯನ್ನು ನಂಬಬೇಡಿ. ‘ಪಬ್‌ಮೆಡ್‌ನಲ್ಲಿದ್ದೇವೆ’ ಎಂದು ಅದು ಹೇಳಿಕೊಂಡರೆ ಪಬ್‌ಮೆಡ್‌ನಲ್ಲೇ ಹುಡುಕಿ ಖಚಿತಪಡಿಸಿಕೊಳ್ಳಿ. ಅಲ್ಲೊಮ್ಮೆ ಪ್ರಕಟವಾದ ಕೇಸನ್ನು ಬೇರೆಡೆ ಮತ್ತೆ ಕಳಿಸುವಂತಿಲ್ಲ.

ನೀವು ವೈದ್ಯರಲ್ಲದಿದ್ದರೂ ಒಂದು ದಿನ ನಿಮ್ಮ ಹಾಸಿಗೆಯ ಬಳಿ ಯುವ ವೈದ್ಯರೊಬ್ಬರು ಈ ಒಪ್ಪಿಗೆ ಪತ್ರ ಹಿಡಿದು ಬರಬಹುದು. ಬರೆದದ್ದನ್ನು ತೋರಿಸಿ ಎಂದು ಕೇಳಿ. ಫೋಟೋದಲ್ಲಿ ಏನೇನು ಕಾಣುತ್ತದೆ ನೋಡಿ. ಮನಸ್ಸು ಒಪ್ಪದಿದ್ದರೆ ಬೇಡ ಎನ್ನಿ. ಅದರಿಂದ ನಿಮ್ಮ ಚಿಕಿತ್ಸೆಯಲ್ಲಿ ಏನೂ ಬದಲಾಗುವಂತಿಲ್ಲ.