ಮತ್ತೆ ಮತ್ತೆ ಕಟ್ಟುವ ನಾಝಲ್

ತ್ರೀಡಿ ಪ್ರಿಂಟರಿನ ನಾಝಲ್ ಪೂರ್ತಿ ಕಟ್ಟಿದರೆ ಕೂಡಲೇ ಗೊತ್ತಾಗುತ್ತದೆ. ಕಾಡುವುದು ಅರೆಬರೆ ಕಟ್ಟುವಿಕೆ. ಪದರಗಳು ಸೊರಗುತ್ತವೆ, ಗಾಳಿಯಲ್ಲಿ ಇಳಿಯುವ ಎಳೆ ಒಂದು ಬದಿಗೆ ಸುರುಳಿಯಾಗುತ್ತದೆ, ಫಿಲಮೆಂಟ್ ತಳ್ಳುವ ಗಾಲಿ ಟಕ್ ಟಕ್ ಎನ್ನುತ್ತದೆ.

ಆಗ ನೆರವಿಗೆ ಬರುವುದು ಕೋಲ್ಡ್ ಪುಲ್. ಪಿಎಲ್‌ಎ ಇದ್ದರೆ ಹಾಟೆಂಡನ್ನು 200 ಡಿಗ್ರಿಗೆ ಕಾಯಿಸಿ, ಫಿಲಮೆಂಟನ್ನು ಕೈಯಿಂದ ಒತ್ತಿ ತುಸು ಹರಿಸಬೇಕು. ಬಿಸಿಯನ್ನು ಸುಮಾರು 90 ಡಿಗ್ರಿಗೆ ಇಳಿಸಿ, ಒಂದೇ ಬಿಗಿಯಿಂದ ಹಿಂದಕ್ಕೆ ಎಳೆಯಬೇಕು. ಬೇಗ ಎಳೆದರೆ ಎಳೆ ಹಿಗ್ಗಿ ತುಂಡಾಗುತ್ತದೆ. ತೀರಾ ತಣ್ಣಗಾದರೆ ಅಲುಗುವುದೇ ಇಲ್ಲ. ತುದಿ ನಾಝಲ್ಲಿನ ಒಳ ಅಚ್ಚಿನಂತೆ ಚೂಪಾಗಿ, ಕೊಳೆಯಿಲ್ಲದೆ ಬರುವವರೆಗೂ ಇದನ್ನೇ ಮಾಡಬೇಕು.

ಆ ತುದಿಯನ್ನು ಎಸೆಯಬೇಡಿ, ಕಾರಣ ಅದರಲ್ಲೇ ಸಿಗಬಹುದು. ಕಪ್ಪು ಚೂರುಗಳಿದ್ದರೆ ಕರಕಲು ಅಥವಾ ದೂಳು. ಎಳೆ ಬರಲೊಪ್ಪದೆ, ಒಳಗಿನ ಬಿಳಿ ಟೆಫ್ಲಾನ್ ಕೊಳವೆಯ ಸಮೇತ ಕಿತ್ತಾಗ ಅದರ ಬಾಯಿಗೆ ಅಂಟಿದ ಅಗಲವಾದ ಬಿಲ್ಲೆ ಕಂಡರೆ, ಕೊಳವೆಗೂ ನಾಝಲ್ಲಿಗೂ ನಡುವೆ ಸಂದಿಯಿದೆ. ಎಷ್ಟು ಶುಚಿ ಮಾಡಿದರೂ ಪ್ಲಾಸ್ಟಿಕ್ ಅಲ್ಲೇ ಮತ್ತೆ ಮಡುಗಟ್ಟುತ್ತದೆ. ಇದಕ್ಕೆ ಹೊಸ ನಾಝಲ್ ಮದ್ದಲ್ಲ. ಕೊಳವೆಯ ತುದಿಯನ್ನು ನೇರವಾಗಿ ಕತ್ತರಿಸಿ, ನಾಝಲನ್ನು ಅರ್ಧ ಸುತ್ತು ಸಡಿಲಿಸಿ, ಕೊಳವೆಯನ್ನು ತಳಮುಟ್ಟ ಒತ್ತಿ ಹಿಡಿದು, ಹಾಟೆಂಡ್ ಬಿಸಿಯಿರುವಾಗಲೇ ನಾಝಲ್ ಬಿಗಿಯಬೇಕು. ಆದರೂ ಸಂದಿ ಮರಳಿದರೆ ಮೇಲಿನ ಕಪ್ಲರನ್ನು ನೋಡಿ: ಅದರ ಹಲ್ಲು ಸವೆದರೆ, ಫಿಲಮೆಂಟ್ ಹಿಂದೆ ಸರಿದಾಗಲೆಲ್ಲ ಕೊಳವೆಯೂ ಜಾರುತ್ತದೆ.