54 ಅಂಕ, ಅರ್ಥ ಉಲ್ಟಾ

‘ಈ ಮಾತ್ರೆ ಊಟಕ್ಕೆ ಮುಂಚೆ ತಗೋಬಾರದು ಅಂತ ಡಾಕ್ಟ್ರು ಹೇಳಿದ್ರಂತೆ.’ ಈ ಸಾಲನ್ನು ಒಳ್ಳೆಯ ಅನುವಾದಕರೊಬ್ಬರು ಇಂಗ್ಲಿಷಿಗೆ ಹೀಗೆ ತಂದಿದ್ದಾರೆ ಎಂದಿಟ್ಟುಕೊಳ್ಳಿ: ‘ಐ ಹಿಯರ್ ದ ಡಾಕ್ಟರ್ ಸೆಡ್ ನಾಟ್ ಟು ಟೇಕ್ ದಿಸ್ ಟ್ಯಾಬ್ಲೆಟ್ ಬಿಫೋರ್ ಫುಡ್.’ ಅದೇ ಸಾಲಿಗೆ ಎರಡು ಯಂತ್ರಗಳು ಕೊಟ್ಟ ಉತ್ತರ (ಉದಾಹರಣೆಗೆಂದು ನಾನೇ ಹೆಣೆದದ್ದು) ಹೀಗಿದೆ. ಮೊದಲನೆಯದು: ‘ದ ಡಾಕ್ಟರ್ ಸೆಡ್ ಟು ಟೇಕ್ ದಿಸ್ ಟ್ಯಾಬ್ಲೆಟ್ ಬಿಫೋರ್ ಫುಡ್.’ ಎರಡನೆಯದು: ‘ಅಪೇರೆಂಟ್ಲಿ ದ ಡಾಕ್ಟರ್ ಹ್ಯಾಸ್ ಟೋಲ್ಡ್ ಅಸ್ ದಟ್ ದಿಸ್ ಮೆಡಿಸಿನ್ ಶುಡ್ ನಾಟ್ ಬಿ ಟೇಕನ್ ಬಿಫೋರ್ ಈಟಿಂಗ್.’

ಮೊದಲನೆಯದನ್ನು ನಂಬಿದ ರೋಗಿ ವೈದ್ಯರು ಬೇಡವೆಂದದ್ದನ್ನೇ ಮಾಡುತ್ತಾನೆ. ಆದರೆ ಯಂತ್ರಾನುವಾದ ಕ್ಷೇತ್ರದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ‘ಬ್ಲೂ’ ಅಳತೆ ಅದಕ್ಕೆ ನೂರಕ್ಕೆ ಸುಮಾರು 54 ಅಂಕ ಕೊಡುತ್ತದೆ. ಎರಡನೆಯದಕ್ಕೆ ಸೊನ್ನೆ.

ಐಬಿಎಂನ ಕಿಶೋರ್ ಪಾಪಿನೇನಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಈ ಅಳತೆ ಅರ್ಥದ ಗೋಜಿಗೆ ಹೋಗುವುದಿಲ್ಲ. ಯಂತ್ರ ಬರೆದ ಒಂಟಿ ಪದಗಳು, ಅಕ್ಕಪಕ್ಕದ ಎರಡು, ಮೂರು, ನಾಲ್ಕು ಪದಗಳ ಗುಂಪುಗಳು ಮಾದರಿ ಅನುವಾದದಲ್ಲೂ ಇವೆಯೇ ಎಂದು ಎಣಿಸುತ್ತದೆ. ವಾಕ್ಯ ಮಾದರಿಗಿಂತ ಚಿಕ್ಕದಾಗಿದ್ದರೆ ಒಂದಿಷ್ಟು ಅಂಕ ಕಡಿಯುತ್ತದೆ. ಮೊದಲ ಉತ್ತರದ ಒಂಬತ್ತು ಪದಗಳೂ ಮಾದರಿಯಲ್ಲಿವೆ. ಬಿಟ್ಟುಹೋದ ‘ನಾಟ್’ ಅದರ ಲೆಕ್ಕದಲ್ಲಿ ಬರೀ ಒಂದು ಪದ. ಎರಡನೆಯದರಲ್ಲಿ ಮೂರು ಪದಗಳ ಒಂದು ಗುಂಪೂ ಹೊಂದಲಿಲ್ಲ, ಹಾಗಾಗಿ ಗುಣಾಕಾರದಲ್ಲಿ ಎಲ್ಲವೂ ಸೊನ್ನೆಯಾಯಿತು. ಇದನ್ನು ರೂಪಿಸಿದ್ದು ಸಾವಿರಾರು ವಾಕ್ಯಗಳ ಮೊತ್ತ ಅಳೆಯಲು, ಒಂದೊಂದೇ ವಾಕ್ಯಕ್ಕಲ್ಲ ಎನ್ನುವುದು ನಿಜ. ಆದರೆ ಮೊತ್ತ ಹಾಕಿದರೂ ‘ನಾಟ್’ನ ತೂಕವೇನೂ ಹೆಚ್ಚುವುದಿಲ್ಲ.

ಇದಕ್ಕೆ ಬದಲಿಯಾಗಿ ಬಂದದ್ದು ತಪ್ಪುಗಳನ್ನು ಗುರುತಿಸಿ ಹೆಸರಿಡುವ ಪದ್ಧತಿ. ‘ಎಂಕ್ಯೂಎಂ’ ಎಂಬ ಚೌಕಟ್ಟಿನಲ್ಲಿ ಎರಡೂ ಭಾಷೆ ಬಲ್ಲವರು ಮೂಲವನ್ನು ಎದುರಿಗಿಟ್ಟುಕೊಂಡು ಓದುತ್ತಾರೆ. ಬಿಟ್ಟದ್ದು, ಸೇರಿಸಿದ್ದು, ತಪ್ಪಾಗಿ ತಿಳಿದದ್ದು, ಇಂಗ್ಲಿಷ್ ಕೆಟ್ಟದ್ದು ಎಂದು ಒಂದೊಂದನ್ನೂ ಗುರುತು ಹಾಕುತ್ತಾರೆ. ಗೂಗಲ್ ಸಂಶೋಧಕರು 2021ರಲ್ಲಿ ಬಳಸಿದ ಲೆಕ್ಕದಲ್ಲಿ ದೊಡ್ಡ ತಪ್ಪಿಗೆ 5, ಸಣ್ಣದಕ್ಕೆ 1 ದಂಡ. ಹಾಗೆ ನೋಡಿದರೆ ನಮ್ಮ ಮೊದಲ ಉತ್ತರಕ್ಕೆ ‘ಬಾರದು’ ಬಿಟ್ಟದ್ದಕ್ಕೇ 5 ಬೀಳುತ್ತದೆ. ಎರಡನೆಯದಕ್ಕೆ, ಮೂಲದಲ್ಲಿಲ್ಲದ ‘ಅಸ್’ ಸೇರಿಸಿದ್ದಕ್ಕೆ 1. ಮೂಲ ನೋಡದೆ ಇಂಗ್ಲಿಷನ್ನಷ್ಟೇ ಓದುವವರಿಗೆ ಮೊದಲನೆಯದೇ ಸೊಗಸಾಗಿ ಕಂಡೀತು.

ಆದರೆ ‘ಬಿಟ್ಟದ್ದು’ ಎಂಬ ಹಣೆಪಟ್ಟಿಯಷ್ಟರಿಂದಲೇ ಯಂತ್ರವನ್ನು ಸರಿಮಾಡಲಾಗದು. ಬಿಟ್ಟದ್ದು ಕನ್ನಡದ ಯಾವ ಕಟ್ಟನ್ನು ಎಂಬುದು ಬೇಕು. ಮಾತನಾಡುವವರು ಕೋಟಿಗಟ್ಟಲೆ ಇದ್ದರೂ, ಇಂಗ್ಲಿಷಿನೊಂದಿಗೆ ಸಾಲಿಗೆ ಸಾಲು ಜೋಡಿಸಿದ ಪಠ್ಯ ಫ್ರೆಂಚಿಗೋ ಜರ್ಮನ್ನಿಗೋ ಇರುವಷ್ಟು ಕನ್ನಡಕ್ಕಿಲ್ಲ. ಅದರಲ್ಲೂ ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುವ ತುಣುಕುಗಳಲ್ಲಿ ಯಂತ್ರ ಎಡವುವ ಸಂಭವ ಹೆಚ್ಚು. ‘ಅಪ್ಪ ಬಾವಿ ತೋಡಿಸಿದರು’ ಎಂದರೆ ಹಾರೆ ಹಿಡಿದವರು ಬೇರೆಯವರು; ಆ ‘ಇಸು’ ತಪ್ಪಿದರೆ ಅಪ್ಪನೇ ತೋಡಿದಂತಾಗುತ್ತದೆ. ‘ನಿನ್ನೆ ಫೋನ್ ಮಾಡಿದ್ರು’ ಎಂಬಲ್ಲಿ ಕರ್ತೃವೇ ಇಲ್ಲ, ‘ರು’ ಗೌರವವೋ ಬಹುವಚನವೋ ತಿಳಿಯದು. ಒಬ್ಬ ಮೇಷ್ಟರು ಇಂಗ್ಲಿಷಿನಲ್ಲಿ ಒಂದು ಗುಂಪಾಗಿಬಿಡಬಹುದು.

ಇನ್ನು ‘ಅಂತೆ’. ಮೊದಲ ಉತ್ತರ ಅದನ್ನೂ ನುಂಗಿತ್ತು. ಅದಕ್ಕೆ ದಂಡ 1 ಹಾಕಬೇಕೋ 5 ಹಾಕಬೇಕೋ ಎಂದು ಓದುವವರಲ್ಲೇ ಜಗಳವಾಗುತ್ತದೆ. ಹರಟೆಯಾದರೆ 1 ಸಾಕು ಎನ್ನುತ್ತೇನೆ. ಪೊಲೀಸ್ ಹೇಳಿಕೆಯಲ್ಲಿ ‘ಅವನೇ ಹೊಡೆದನಂತೆ’ ಎಂಬುದು ‘ಅವನೇ ಹೊಡೆದ’ ಎಂದಾದರೆ ಕಿವಿಯಲ್ಲಿ ಕೇಳಿದ್ದು ಕಣ್ಣಾರೆ ಕಂಡದ್ದಾಗಿಬಿಡುತ್ತದೆ, ಅಲ್ಲಿ 5ಕ್ಕೆ ಕಡಿಮೆ ಹಾಕುವಂತಿಲ್ಲ. ಪಠ್ಯ ಯಾವುದಕ್ಕೆ ಬಳಕೆಯಾಗುತ್ತದೆ ಎಂಬುದನ್ನು ಮೊದಲೇ ಬರೆದುಕೊಡದಿದ್ದರೆ ಇಬ್ಬರು ಓದುಗರ ಅಂಕಗಳು ತಾಳೆಯಾಗುವುದಿಲ್ಲ.

ಪರೀಕ್ಷೆಗೆ ಬಳಸುವ ವಾಕ್ಯಗಳಲ್ಲೂ ತೊಡಕಿದೆ. ಕನ್ನಡವೂ ಸೇರಿ ಇನ್ನೂರು ಭಾಷೆಗಳಿಗೆ ಬಳಸುವ ‘ಫ್ಲೋರೆಸ್’ ಸಂಗ್ರಹದ ಸುಮಾರು ಮೂರು ಸಾವಿರ ವಾಕ್ಯಗಳು ಹುಟ್ಟಿದ್ದು ಇಂಗ್ಲಿಷಿನಲ್ಲಿ, ವಿಕಿ ತಾಣಗಳ ಸುದ್ದಿ ಮತ್ತು ಪ್ರವಾಸ ಬರಹಗಳಿಂದ. ಅವನ್ನು ಕನ್ನಡಕ್ಕೆ ತಂದು, ಆ ಕನ್ನಡವನ್ನೇ ಮೂಲವೆಂದು ಯಂತ್ರಕ್ಕೆ ಕೊಡುತ್ತಾರೆ. ಇಂಗ್ಲಿಷ್ ಸುದ್ದಿಯಿಂದ ಇಳಿದ ಬರಹಗನ್ನಡದಲ್ಲಿ ‘ಹೇಳಿದ್ರಂತೆ’ ಎಲ್ಲಿಂದ ಬರಬೇಕು?

ಅದಕ್ಕೇ ಆಡುವ ಕನ್ನಡದಿಂದಲೇ ಜೋಡಿ ವಾಕ್ಯಗಳನ್ನು ಕಟ್ಟಬೇಕಾಗುತ್ತದೆ: ಬಂದ, ಬಂದನಂತೆ, ಕಟ್ಟಿದರು, ಕಟ್ಟಿಸಿದರು, ತಗೋಬೇಕು, ತಗೋಬಾರದು. ಜೋಡಿಯ ಎರಡಕ್ಕೂ ಒಂದೇ ಇಂಗ್ಲಿಷ್ ಬಂದರೆ ಯಂತ್ರಕ್ಕೆ ಯಾವ ತುಣುಕು ಕಾಣುತ್ತಿಲ್ಲವೆಂದು ತಕ್ಷಣ ಗೊತ್ತಾಗುತ್ತದೆ, ಮಾದರಿ ಅನುವಾದವೂ ಬೇಡ. ಗೌರವದ ‘ರು’ವಿಗೆ ಮಾತ್ರ ಈ ಉಪಾಯ ನಡೆಯದು. ಫೋನ್ ಮಾಡಿದ್ದು ಯಾರೆಂದು ಹಿಂದಿನ ವಾಕ್ಯದಲ್ಲಿರುತ್ತದೆ, ಆದ್ದರಿಂದ ಅಲ್ಲಿ ಎರಡು ಮೂರು ವಾಕ್ಯಗಳನ್ನು ಒಟ್ಟಿಗೇ ಕೊಟ್ಟು ನೋಡಬೇಕು.