ಬೆಳಿಗ್ಗೆ ಅಂಟಿಕೊಳ್ಳುವ ಕಣ್ಣು: ಮದ್ರಾಸ್ ಐ ಹೌದೇ?

ಪ್ರಶ್ನೆ: ಚೆಂಡುಹೂ ಕೊಯ್ಲಿಗೆ ಹೋಗುತ್ತೇನೆ. ವಾರದಿಂದ ಎರಡೂ ಕಣ್ಣು ಕೆಂಪು, ವಿಪರೀತ ತುರಿಕೆ. ಬೆಳಿಗ್ಗೆ ರೆಪ್ಪೆ ಅಂಟಿರುತ್ತದೆ. ಇದು ಮದ್ರಾಸ್ ಐ ಇರಬಹುದೇ?
– ಓದುಗರೊಬ್ಬರು, ಗುಂಡ್ಲುಪೇಟೆ

ಉತ್ತರ: ರೆಪ್ಪೆ ಅಂಟಿದ ಮಾತ್ರಕ್ಕೆ ಸೋಂಕು ಎನ್ನಲಾಗದು. ಒಸರಿದ್ದು ಯಾವುದೇ ಆದರೂ ರಾತ್ರಿ ಮುಚ್ಚಿದ ರೆಪ್ಪೆಯಡಿ ಒಣಗಿ ಅಂಟುತ್ತದೆ. ಹಾಗಾಗಿ ಗೀಜನ್ನು ಹಗಲಲ್ಲಿ ನೋಡಬೇಕು. ಒರೆಸಿದಷ್ಟೂ ಹಳದಿ ಕೀವು ಮತ್ತೆ ಕೂಡಿಕೊಂಡರೆ ಬ್ಯಾಕ್ಟೀರಿಯಾದ ಅನುಮಾನ; ಅದರಲ್ಲಿ ತುರಿಕೆ ಕಡಿಮೆ. 2023ರ ಮಳೆಗಾಲದಲ್ಲಿ ರಾಜ್ಯದಲ್ಲೆಲ್ಲ ಹಬ್ಬಿದ ಮದ್ರಾಸ್ ಐ ಸಾಮಾನ್ಯವಾಗಿ ವೈರಸ್ಸಿನದು. ಅದರಲ್ಲಿ ನೀರು ಸುರಿಯುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ. ಒಂದು ಕಣ್ಣಿಗೆ ಬಂದು ಕೆಲವು ದಿನಗಳಲ್ಲಿ ಇನ್ನೊಂದಕ್ಕೂ, ಮನೆಯವರಿಗೂ ದಾಟುತ್ತದೆ. ಕಿವಿಯ ಮುಂದೆ ಸಣ್ಣ ಗಂಟು ನೋಯುವುದೂ ಉಂಟು.

ನಿಮ್ಮದು ಅಲರ್ಜಿಯಂತೆ ತೋರುತ್ತದೆ. ಎರಡೂ ಕಣ್ಣಿಗೆ ಒಟ್ಟಿಗೆ ಬಂದಿರುವುದು, ಎಲ್ಲಕ್ಕಿಂತ ತುರಿಕೆ ಹೆಚ್ಚಿರುವುದು ಅದರ ಗುರುತು. ಗೀಜು ಬಿಳಿಯಾಗಿ ದಾರದಂತೆ ಎಳೆಯಾದರೆ, ಸೀನೂ ಜೊತೆಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಹೊಲಕ್ಕೆ ಹೋಗದ ಎರಡು ಮೂರು ದಿನ ತುರಿಕೆ ತಗ್ಗುತ್ತದೆಯೇ ಗಮನಿಸಿ. ಉಜ್ಜಬೇಡಿ, ಶುದ್ಧ ನೀರಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಟ್ಟುಕೊಳ್ಳಿ.

ನನಗೆ ಭಯವಿರುವುದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೆರಾಯ್ಡ್ ಹನಿಯ ಬಗ್ಗೆ. ಕೆಂಪು ಬೇಗ ಇಳಿಯುತ್ತದೆ, ನಿಜ. ಆದರೆ ಎಲೆಯೋ ಕಡ್ಡಿಯೋ ತಗುಲಿ ಕರಿಗುಡ್ಡೆಯ ಮೇಲೆ ಶಿಲೀಂಧ್ರ ಹುಣ್ಣಾಗಿದ್ದರೆ, ಅದೇ ಹನಿ ಹುಣ್ಣನ್ನು ಬೆಳೆಸಿ ದೃಷ್ಟಿಯನ್ನೇ ಕಳೆಯಬಲ್ಲದು. ನೋವು, ಮಸುಕು, ಬೆಳಕು ಸಹಿಸಲಾಗದಿರುವುದು, ಕರಿಗುಡ್ಡೆಯಲ್ಲಿ ಬಿಳಿ ಚುಕ್ಕೆ – ಇವುಗಳಲ್ಲಿ ಒಂದು ಕಂಡರೂ ಅಂದೇ ಚಾಮರಾಜನಗರದ ಜಿಲ್ಲಾಸ್ಪತ್ರೆಯ ಕಣ್ಣಿನ ವೈದ್ಯರಿಗೆ ತೋರಿಸಿ.